‘ಹೆದರಬೇಡಿ’ ಎಂದು ಬರೆದ ಶನಿವಾರ

ಶ್ರೀನಗರದ ನಮ್ಮ ಮನೆಯ ಹಾಲ್‌ನಲ್ಲಿ ಶನಿವಾರ ಸಂಜೆ ಆರನೇ ಕ್ಲಾಸಿನ ಎಂಟು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ನಾಲ್ಕು ನಿಮಿಷಕ್ಕೆ ಮೂವತ್ತು ಗುಣಾಕಾರ, ಎಲ್ಲ ಹತ್ತರ ಒಳಗಿನ ಮಗ್ಗಿಯವೇ. ಮೊಬೈಲಿನಲ್ಲಿ ಟೈಮರ್ ಒತ್ತಿದ ಕೂಡಲೇ ಮಕ್ಕಳ ಮುಖ ಬಿಳಿಚಿಕೊಳ್ಳುವುದು ಕಂಡು, ಹಾಳೆಯ ಮೇಲ್ಗಡೆ ಧೈರ್ಯ ಹೇಳುವ ನಾಲ್ಕು ಮಾತು ಹಾಕೋಣ ಅನ್ನಿಸಿತು. ‘ಮಕ್ಕಳೇ, ಹೆದರಬೇಡಿ. ಇದು ಪರೀಕ್ಷೆಯಲ್ಲ. ಲೆಕ್ಕಗಳು ತುಂಬ ಸುಲಭ. ನೀವೆಲ್ಲ ಜಾಣರು, ಖಂಡಿತ ಮಾಡುತ್ತೀರಿ.’ ಸುತ್ತ ಹೂವಿನ ಬಾರ್ಡರ್ ಬೇರೆ. ಬೀದಿ ತುದಿಯ ಜೆರಾಕ್ಸ್ ಅಂಗಡಿಯಲ್ಲಿ ಎಂಟು ಪ್ರತಿ ತೆಗೆಸಿಕೊಂಡು ಬಂದೆ.

ಹಾಳೆ ಹಂಚುತ್ತಿದ್ದಂತೆ ಕಿಟಕಿ ಪಕ್ಕದ ಹುಡುಗಿ ಕೇಳಿದಳು: “ಮಿಸ್, ಯಾಕೆ ಹೆದರಬೇಡಿ ಅಂತ ಬರ್ದಿದೀರ? ಇವತ್ತು ಕಷ್ಟದ್ದು ಕೊಟ್ಟಿದೀರಾ?”

ನನಗೆ ಉತ್ತರ ಹೊಳೆಯಲಿಲ್ಲ. ಟೈಮರ್ ಒತ್ತಿಬಿಟ್ಟೆ.

ಇಂಗ್ಲಿಷ್ ಮೀಡಿಯಂನ ಒಬ್ಬ ಹುಡುಗ ಕನ್ನಡ ಓದುವಾಗ ಅಕ್ಷರ ಕೂಡಿಸಿಕೊಂಡು ಓದುತ್ತಾನೆ. ಬೆರಳಿಟ್ಟು ‘ಖಂಡಿತ’ದವರೆಗೆ ಬರುವಷ್ಟರಲ್ಲಿ ನಲವತ್ತು ಸೆಕೆಂಡ್ ಹೋಗಿತ್ತು, ಅಂದರೆ ಐದು ಲೆಕ್ಕದ ಹೊತ್ತು. ಇತ್ತ ಕಿಟಕಿ ಪಕ್ಕದವಳು ನಾಲ್ಕನೆಯ ಲೆಕ್ಕ 7 × 8ರಲ್ಲಿ ಸಿಕ್ಕಿಬಿದ್ದಿದ್ದಳು. 54 ಬರೆದಳು, ಅಳಿಸಿದಳು, 58 ಬರೆದಳು, ಮತ್ತೆ ಅಳಿಸಿದಳು. ರಬ್ಬರಿಗೆ ಹಾಳೆ ತೂತು ಬಿತ್ತು. ಕೊನೆಗೆ ಅವಳದು ಹನ್ನೊಂದು ಸರಿ, ಆ ಹುಡುಗನದು ಹನ್ನೆರಡು.

ಮಕ್ಕಳು ಹೋದ ಮೇಲೆ ನನ್ನ ನಾಲ್ಕು ಸಾಲನ್ನೇ ಕೆಂಪು ಪೆನ್ನಿನಲ್ಲಿ ತಿದ್ದಲು ಕೂತೆ. ಪರೀಕ್ಷೆಯಲ್ಲ ಅಂದವಳು ಪಕ್ಕದಲ್ಲೇ ‘___/30’ ಎಂದು ಅಂಕದ ಚೌಕ ಹಾಕಿದ್ದೆ! ‘ಸುಲಭ’ ಅನ್ನುವ ಮಾತಂತೂ ಎಲ್ಲಕ್ಕಿಂತ ಕೆಟ್ಟದ್ದು. ಕಷ್ಟದ ಲೆಕ್ಕ ತಪ್ಪಿದರೆ ಅವಮಾನವಿಲ್ಲ; ಸುಲಭದ್ದೇ ಬರಲಿಲ್ಲವೆಂದರೆ ‘ನಾನು ದಡ್ಡಿ’ ಅಂತ ಮಗು ತಾನೇ ತೀರ್ಮಾನ ಮಾಡಿಕೊಳ್ಳುತ್ತದೆ. ಗಾಬರಿಯಾದಾಗ ಆಗುವುದೂ ಇಷ್ಟೇ: ಲೆಕ್ಕವನ್ನು ಹಿಡಿದಿಟ್ಟುಕೊಳ್ಳಬೇಕಾದ ತಲೆಯೊಳಗಿನ ಪುಟ್ಟ ಜಾಗವನ್ನು ಚಿಂತೆ ಆಕ್ರಮಿಸಿಕೊಳ್ಳುತ್ತದೆ. ಗೊತ್ತಿದ್ದ ಮಗ್ಗಿಯೂ ಕೈಗೆ ಸಿಗುವುದಿಲ್ಲ.

ಆದರೆ ಗೊತ್ತಿತ್ತೋ ಇಲ್ಲವೋ, ಅದನ್ನು ಮೊದಲು ನೋಡಬೇಕಿತ್ತು. ಮುಂದಿನ ತರಗತಿಯಲ್ಲಿ ಅವೇ ಲೆಕ್ಕಗಳನ್ನು ಹಿಂದುಮುಂದು ಮಾಡಿ, ಟೈಮರ್ ಇಲ್ಲದೆ ಕೊಟ್ಟೆ. ಹುಡುಗಿ ಏಳು ನಿಮಿಷ ತೆಗೆದುಕೊಂಡು ಇಪ್ಪತ್ತೆಂಟು ಸರಿ ಮಾಡಿದಳು. ಹುಡುಗನದು ಹದಿನಾಲ್ಕೇ. ಅವನ ತಪ್ಪುಗಳೆಲ್ಲ ಆರು, ಏಳು, ಎಂಟರ ಮಗ್ಗಿಯಲ್ಲಿದ್ದವು. ಅವಳಿಗೆ ಗಡಿಯಾರದ ಭಯ, ಅವನಿಗೆ ಮಗ್ಗಿಯೇ ಬಾಯಿಗೆ ಬಂದಿಲ್ಲ. ಅವನ ಹಾಳೆಯ ಮೇಲೆ ಏನು ಬರೆದರೂ ಪ್ರಯೋಜನವಿಲ್ಲ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎಂಟರಿಂದ ಗುಣಿಸುವುದೆಂದರೆ ಮೂರು ಸಲ ದುಪ್ಪಟ್ಟು ಮಾಡುವುದು ಎಂದು ತೋರಿಸಿದೆ: 7, 14, 28, 56.

ಸಾಲುಗಳನ್ನು ಹೊಸದಾಗಿ ಬರೆಯುವಾಗ ಹಿಂದೆ ಓದಿದ್ದೊಂದು ನೆನಪಾಯಿತು. 2010ರಲ್ಲಿ ಮನೋವಿಜ್ಞಾನಿ ಜೆರೆಮಿ ಜೇಮಿಸನ್ ಮತ್ತು ಜೊತೆಗಾರರು ಅಮೆರಿಕದಲ್ಲಿ ಜಿಆರ್‌ಇ ಎಂಬ ಸ್ನಾತಕೋತ್ತರ ಪ್ರವೇಶ ಪರೀಕ್ಷೆಗೆ ತಯಾರಾಗುತ್ತಿದ್ದ ವಿದ್ಯಾರ್ಥಿಗಳ ಅಧ್ಯಯನ ಪ್ರಕಟಿಸಿದ್ದರು. ಮೈಯ ತಳಮಳ ಕೆಟ್ಟದ್ದಲ್ಲ, ಅದರಿಂದ ಅನುಕೂಲವೂ ಆಗಬಹುದು ಎಂದು ಮೊದಲೇ ಓದಿಕೊಂಡವರು ಗಣಿತದ ಭಾಗದಲ್ಲಿ ಉಳಿದವರಿಗಿಂತ ಚೆನ್ನಾಗಿ ಮಾಡಿದರು. ಅವರು ದೊಡ್ಡವರು, ನಮ್ಮವು ಹನ್ನೊಂದು ವರ್ಷದವು. ಆದರೂ ‘ಹೆದರಬೇಡಿ’ಗಿಂತ ಇದು ಸತ್ಯಕ್ಕೆ ಹತ್ತಿರ ಅನ್ನಿಸಿತು, ಬೇಡ ಅಂದರೆ ಎದೆಬಡಿತ ನಿಲ್ಲುತ್ತದೆಯೇ?

ಹೀಗೆ ಬರೆದೆ:

‘ಎದೆ ಡವಡವ ಅಂದರೆ ಅನ್ನಲಿ, ಮೈ ಕೆಲಸಕ್ಕೆ ಸಿದ್ಧವಾಗುತ್ತಿದೆ.
ಹೊಳೆಯದ ಲೆಕ್ಕಕ್ಕೆ ಚುಕ್ಕಿ ಇಟ್ಟು ಮುಂದೆ ಹೋಗು.
ಹೋದ ಸಲ ನನ್ನದು ___ ಸರಿ.’

ಹೂವಿನ ಬಾರ್ಡರ್ ತೆಗೆದೆ, ಅಂಕದ ಚೌಕವನ್ನೂ. ಟೈಮರ್ ಒತ್ತುವ ಮೊದಲೇ ನಾನೇ ಗಟ್ಟಿಯಾಗಿ ಓದಿದೆ. ಖಾಲಿ ಜಾಗ ತುಂಬಲು ಹೊತ್ತು ಕೊಟ್ಟೆ. ಮೊದಲ ಮೂರು ಲೆಕ್ಕ ಎರಡರ, ಐದರ ಮಗ್ಗಿಯವು. ನನಗೆ ಮೂರರಲ್ಲಿ ಎರಡನೆಯ ಸಾಲಿನ ಮೇಲೇ ಹೆಚ್ಚು ನಂಬಿಕೆ, ಯಾಕೆಂದರೆ ಅದೊಂದೇ ಕೈಗೆ ಕೆಲಸ ಹೇಳುತ್ತದೆ.

ಆ ಶನಿವಾರ ಹುಡುಗಿಯದು ಹತ್ತೊಂಬತ್ತು ಸರಿ. ಮೂರನೆಯ ಸಲ ಮಾಡುತ್ತಿದ್ದ ಲೆಕ್ಕಗಳಾದ್ದರಿಂದ ಇದರಲ್ಲಿ ಅಭ್ಯಾಸದ ಪಾಲೆಷ್ಟು, ಸಾಲುಗಳ ಪಾಲೆಷ್ಟು ಅಂತ ಬಿಡಿಸಿ ಹೇಳಲಾರೆ. ಹುಡುಗನದು ಹದಿಮೂರು, ಬರಿಯ ಒಂದು ಹೆಚ್ಚು. ಹುಡುಗಿಯ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದೆ. 7 × 8ರ ಪಕ್ಕ ಪೆನ್ಸಿಲಿನ ಚುಕ್ಕಿಯಿತ್ತು, ಅದರ ಮುಂದೆ ಅವಸರದ ಸೊಟ್ಟ ಅಕ್ಷರದಲ್ಲಿ 56. ಟೈಮರ್ ಕೂಗುವ ಮುಂಚೆ ಕಿಟಕಿ ಕಡೆಯಿಂದ ಪಿಸುದನಿಯಲ್ಲಿ “ಏಳೆಂಟ್ಲ ಐವತ್ತಾರು” ಅಂತ ಕೇಳಿಸಿದ್ದು ಆಗ ನೆನಪಾಯಿತು. ಹಾಳೆ ಎಲ್ಲೂ ತೂತು ಬಿದ್ದಿರಲಿಲ್ಲ.