ಮಂಡಕ್ಕಿ ಅಕ್ಕನ ಪೋಸ್ಟನ್ನು ಮತ್ತೆ ಬರೆದದ್ದು

"ಸರ್, ಗಾಡಿಯವರ ಕಥೆ ಬರೆಯುವಾಗ ಸ್ವಲ್ಪ ಉಪ್ಪು ಖಾರ ಹಚ್ಚದಿದ್ರೆ ಯಾರು ಓದ್ತಾರೆ? ಇದ್ದದ್ದು ಇದ್ದಂಗೆ ಬರೆದ್ರೆ ಸಪ್ಪೆ ಆಗಲ್ವಾ?"

ಹೀಗಂತ ಒಬ್ಬರು ಕೇಳಿದರು. ಗಾಡಿ ಹತ್ತಿರ ಹೋಗಿ ನಿಲ್ಲದೆ ಬರೆದರೆ ಸಪ್ಪೆ ಆಗುತ್ತೆ, ನಿಜ. ಹೋದ ಮಳೆಗಾಲದಲ್ಲಿ ದಾವಣಗೆರೆಯ ಹಳೇ ಊರಿನ ಒಬ್ಬ ಹುಡುಗ ತನ್ನ ಅಮ್ಮ ಮಂಡಕ್ಕಿ ಅಕ್ಕನ ಗಾಡಿಗೆಂದು ಬರೆದ ಪೋಸ್ಟ್ ತಂದು ತೋರಿಸಿದ. "ಲೈಕೇ ಬರ್ತಿಲ್ಲ, ಸ್ವಲ್ಪ ಚೆಂದ ಮಾಡಿಕೊಡಿ" ಅಂದ. ಅದು ಹೀಗಿತ್ತು:

"ದಾವಣಗೆರೆಯಲ್ಲೇ ಹುಟ್ಟಿದ ವಿಶ್ವಪ್ರಸಿದ್ಧ ಮಂಡಕ್ಕಿ ಮೆಣಸಿನಕಾಯಿ! 50 ವರ್ಷಗಳ ಪರಂಪರೆ. ಅಪ್ಪಟ ಬ್ಯಾಡಗಿ ಮೆಣಸಿನಕಾಯಿ, ಆಗತಾನೆ ಕರಿದದ್ದು. ಎಷ್ಟು ತಿಂದರೂ ಗ್ಯಾಸ್ಟ್ರಿಕ್ ಆಗಲ್ಲ. ಅಮ್ಮ ಪ್ರೀತಿ ಬೆರೆಸಿ ಮಾಡುತ್ತಾರೆ. ಒಮ್ಮೆ ತಿಂದರೆ ಜೀವನಪೂರ್ತಿ ಮರೆಯಲ್ಲ."

ಇದರಲ್ಲಿ ಮಂಡಕ್ಕಿ ತೆಗೆದು ಇಡ್ಲಿ ಅಂತ ಹಾಕಿ ನೋಡಿ. ಒಂದೆರಡು ಪದ ಬದಲಾದರೆ ಸಾಕು, ಪೋಸ್ಟ್ ಹಾಗೇ ನಿಲ್ಲುತ್ತೆ. ಸಪ್ಪೆ ಆಗಿರೋದು ಇದಕ್ಕೇ. ಅಕ್ಕನ ಗಾಡಿ ಇದರಲ್ಲಿ ಎಲ್ಲೂ ಇಲ್ಲ.

ಎರಡು ಸಂಜೆ ಅವರ ಗಾಡಿ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ. ಮೊದಲು ಬಿದ್ದುಹೋದದ್ದು ಬ್ಯಾಡಗಿ ಮಾತು. ಬ್ಯಾಡಗಿ ಅಂದರೆ ಒಣಗಿದ ಕೆಂಪು ಮೆಣಸಿನಕಾಯಿ. ಜನ ಅದನ್ನು ಕೊಳ್ಳೋದು ಬಣ್ಣಕ್ಕೆ. ಅಕ್ಕನ ಬುಟ್ಟಿಯಲ್ಲಿ ಇದ್ದದ್ದು ಗೇಣುದ್ದದ ಹಸಿ ಮೆಣಸಿನಕಾಯಿ. ಮಂಡಕ್ಕಿ ತಿಂದು ಬೆಳೆದ ಊರಿನವರ ಮುಂದೆ ಇಂಥ ಒಂದು ತಪ್ಪು ಸಿಕ್ಕಿದರೆ ಸಾಕು, ಉಳಿದದ್ದನ್ನೂ ನಂಬಲ್ಲ. ಗ್ಯಾಸ್ಟ್ರಿಕ್ ಮಾತನ್ನಂತೂ ನಾನು ಕೇಳದೇ ಹೊಡೆದು ಹಾಕಿದೆ. ಕರಿದ ಮೆಣಸಿನಕಾಯಿಗೆ ಆರೋಗ್ಯದ ಹೊಣೆ ಹೊರಿಸಬಾರದು. ಅದೂ ಅಲ್ಲದೆ, ತಿನ್ನುವ ವಸ್ತುವಿನ ಜಾಹೀರಾತಿನಲ್ಲಿ ಜನರನ್ನು ದಾರಿ ತಪ್ಪಿಸುವ ಮಾತು ಹಾಕಬಾರದು ಅಂತ 2006ರ ಆಹಾರ ಸುರಕ್ಷತೆ ಕಾಯ್ದೆಯೇ ಹೇಳುತ್ತೆ.

"ಆಗತಾನೆ ಕರಿದದ್ದು" ಅನ್ನೋದೂ ಪೂರ್ತಿ ನಿಜ ಅಲ್ಲ. ಅಕ್ಕ ಎರಡು ಸಲ ಕರೀತಾರೆ. ನಾಲ್ಕು ಗಂಟೆಗೆ ಅರ್ಧ ಕರಿದು ಜಾಲರಿ ಮೇಲೆ ಗುಡ್ಡೆ ಹಾಕಿ, ಗಿರಾಕಿ ಬಂದಾಗ ಮತ್ತೆ ಎಣ್ಣೆಗೆ ಬಿಡ್ತಾರೆ. ಹುಡುಗನಿಗೆ ಇದನ್ನು ಬರೆಯೋಕೆ ಮುಜುಗರ. ನನಗೆ ಇಡೀ ಕಥೆಯಲ್ಲಿ ಸಿಕ್ಕ ಒಳ್ಳೇ ಸಾಲೇ ಇದು. ಹೊರಗಿನ ಕಡ್ಲೆಹಿಟ್ಟು ಗರಿಗರಿ ಆಗೋದು ಆ ಎರಡನೇ ಸಲದಲ್ಲಿ. ಎಣ್ಣೆ ಕಾದಿದೆಯೋ ಇಲ್ಲವೋ ಅಂತ ಒಂದು ಹನಿ ಹಿಟ್ಟು ಬಿಟ್ಟು ನೋಡ್ತಾರೆ. ಅದು ತಳದಲ್ಲೇ ಕೂತರೆ ಕಾಯ್ತಾರೆ. ಚಟ್ಟನೆ ಮೇಲೆ ಬಂದರೆ ಮೆಣಸಿನಕಾಯಿ ಬಿಡ್ತಾರೆ.

ಮಂಡಕ್ಕಿಯದ್ದು ಇನ್ನೂ ಸೂಕ್ಷ್ಮ. ಭಟ್ಟಿಯಲ್ಲಿ ಅಕ್ಕಿಗೆ ಉಪ್ಪು ನೀರು ಹಿಡಿಸಿ, ಕಾದ ಮರಳಿನಲ್ಲಿ ಹುರಿದಾಗ ಅದು ಅರಳುತ್ತೆ. ಹಾಗಾಗಿ ಅದರಲ್ಲಿ ಮೊದಲೇ ಉಪ್ಪಿರುತ್ತೆ. ಒಗ್ಗರಣೆಗೆ ಉಪ್ಪು ಹಾಕುವಾಗ ಅಕ್ಕನ ಕೈ ಹಿಂದೆ ಸರಿಯೋದು ಅದಕ್ಕೇ. ಬೋಗುಣಿ ನೀರಿನಲ್ಲಿ ಮಂಡಕ್ಕಿ ಹಾಕಿ, ಒಂದು ಸಲ ಕೈಯಾಡಿಸಿ, ಹಿಡಿ ಹಿಡಿಯಾಗಿ ಹಿಂಡಿ ತೆಗೀತಾರೆ. "ಮಾತಾಡ್ತಾ ನಿಂತ್ರೆ ಮುದ್ದೆ ಆಗ್ತದೆ ನೋಡ್ರಿ" ಅಂತ ನನ್ನನ್ನೇ ಸುಮ್ಮನಿರಿಸಿದರು. ಮಳೆಗಾಲದಲ್ಲಿ ಚೀಲದಲ್ಲೇ ಮೆತ್ತಗಾಗಿರುತ್ತೆ, ಆಗ ಇನ್ನೂ ಬೇಗ ತೆಗೀಬೇಕು. ಸಾಸಿವೆ, ಈರುಳ್ಳಿ, ಕರಿಬೇವು, ಅರಿಶಿನದ ಒಗ್ಗರಣೆಗೆ ಮಂಡಕ್ಕಿ ಹಾಕಿ, ಕೊನೆಗೆ ಪುಟಾಣಿ ಪುಡಿ ಉದುರಿಸ್ತಾರೆ. ಪುಡಿ ಉಳಿದ ನೀರನ್ನು ಹೀರಿಕೊಳ್ಳುತ್ತೆ, ಮಂಡಕ್ಕಿ ಬಿಡಿ ಬಿಡಿಯಾಗುತ್ತೆ. ಇದನ್ನೆಲ್ಲ ನೋಡಿದ ಮೇಲೆ "ಪ್ರೀತಿ ಬೆರೆಸಿ" ಅಂತ ಬರೆಯೋಕೆ ಜಾಗ ಎಲ್ಲಿದೆ ಹೇಳಿ?

ಹುಟ್ಟಿನ ಮಾತಿಗೆ ಬರೋಣ. ನಮ್ಮ ಊರಿನವರಿಗೆ ಮಂಡಕ್ಕಿ ನಮ್ಮದೇ ಅನ್ನೋ ಅಭಿಮಾನ ಜಾಸ್ತಿ, ನನಗೂ ಇದೆ. ಆದರೆ ಹುಬ್ಬಳ್ಳಿಯವರು ಗಿರ್ಮಿಟ್ ಜೊತೆ ಮಿರ್ಚಿ ಕಡೀತಾರೆ, ಬಳ್ಳಾರಿ ಕಡೆ ಒಗ್ಗರಣೆ ಮಿರ್ಚಿ ಬೆಳಗಿನ ತಿಂಡಿ. ಯಾವ ಊರಲ್ಲಿ ಮೊದಲು ಹುಟ್ಟಿತು ಅಂತ ಒಂದು ಗಾಡಿಯ ಪೋಸ್ಟ್ ತೀರ್ಮಾನ ಮಾಡೋದು ಬೇಡ. ಈ ಗಾಡಿ ಹೇಗೆ ಹುಟ್ಟಿತು ಅಂತ ಮಾತ್ರ ಕೇಳಿದೆ. ಅಕ್ಕನಿಗೆ ಇಸವಿ ನೆನಪಿಲ್ಲ. ಇಸವಿ ಕೇಳಿದರೆ ಯಾರೂ ಸರಿಯಾಗಿ ಹೇಳಲ್ಲ, ಅಂದಾಜಿಗೆ ದೊಡ್ಡ ಸಂಖ್ಯೆ ಹೇಳಿಬಿಡ್ತಾರೆ. ಮಕ್ಕಳ ವಯಸ್ಸಿನಿಂದ ಕೇಳಬೇಕು. "ಗಾಡಿ ತಗೊಂಡಾಗ ದೊಡ್ಡ ಮಗಳು ಎಷ್ಟನೇ ಕ್ಲಾಸು?" ಅಂದೆ. "ಒಂದನೇ ಕ್ಲಾಸಿಗೆ ಹಾಕಿದ ವರ್ಷ" ಅಂದರು. ಮಗಳಿಗೆ ಈಗ 28. ಅಲ್ಲಿಗೆ ಗಾಡಿಗೆ 22 ವರ್ಷ ಆಯ್ತು. ಹಾಗಾದರೆ 50 ಎಲ್ಲಿಂದ ಬಂತು? ಅತ್ತೆ ಬುಟ್ಟಿಯಲ್ಲಿ ಒಣ ಮಂಡಕ್ಕಿ ಹೊತ್ತು ಮಾರುತ್ತಿದ್ದರಂತೆ, ಹುಡುಗ ಅದನ್ನೂ ಸೇರಿಸಿದ್ದ. ಅದು ಸುಳ್ಳಲ್ಲ, ಆದರೆ ಎರಡು ಬೇರೆ ಬೇರೆ ವ್ಯಾಪಾರ. ಬೇರೆ ಮಾಡಿ ಬರೆದರೆ ಬುಟ್ಟಿಯೂ ಕಾಣುತ್ತೆ, ಗಾಡಿಯೂ ಕಾಣುತ್ತೆ.

ಮನೆಯ ಕಷ್ಟದ ಒಂದು ಸಂಗತಿಯನ್ನೂ ಸೇರಿಸಬೇಕು ಅಂತ ಹುಡುಗನ ಆಸೆ. ಅಕ್ಕನನ್ನು ಕೇಳಿದೆ. "ಅದು ಬ್ಯಾಡ್ರಿ, ಅಯ್ಯೋ ಪಾಪ ಅಂತ ಯಾರೂ ತಿನ್ನಬಾರದು" ಅಂದರು. ಬಿಟ್ಟೆವು.

ಕೊನೆಗೆ ಬರೆದದ್ದು ಇದು:

"ಅಜ್ಜಿ ಬುಟ್ಟಿಯಲ್ಲಿ ಒಣ ಮಂಡಕ್ಕಿ ಹೊತ್ತು ಮಾರುತ್ತಿದ್ದರು. ಅಮ್ಮ ಗಾಡಿ ಇಟ್ಟು 22 ವರ್ಷ. ಬೆಳಿಗ್ಗೆ ಭಟ್ಟಿಯಿಂದ ಒಂದು ಚೀಲ ಮಂಡಕ್ಕಿ ನಾನು ತರುತ್ತೇನೆ. ಮಧ್ಯಾಹ್ನ ಅಮ್ಮ ಮೆಣಸಿನಕಾಯಿ ಸೀಳಿ, ಜೀರಿಗೆ, ಅಜವಾನ, ಹುಣಸೆಹಣ್ಣು ಅರೆದು ಒಳಗೆ ಸವರುತ್ತಾರೆ. ನಾಲ್ಕಕ್ಕೆ ಒಮ್ಮೆ ಕರಿಯುತ್ತಾರೆ, ನೀವು ಬಂದ ಮೇಲೆ ಇನ್ನೊಮ್ಮೆ. ಮಂಡಕ್ಕಿ ನೀರಿನಲ್ಲಿರುವುದು ಒಂದು ಸಲ ಕೈಯಾಡಿಸುವಷ್ಟು ಹೊತ್ತು ಮಾತ್ರ, ಆಗ ಅಮ್ಮನನ್ನು ಮಾತಾಡಿಸಬೇಡಿ. ರಾತ್ರಿ ಎಂಟೂವರೆವರೆಗೆ ಇರುತ್ತೇವೆ."

ಹಾಕುವ ಮುಂಚೆ ಅಮ್ಮನಿಗೆ ಜೋರಾಗಿ ಓದಿ ಹೇಳು ಅಂದೆ. ನಾನು ಯಾವಾಗಲೂ ಹೀಗೇ ಮಾಡಿಸೋದು, ಕೈಕೆಲಸದ ತಪ್ಪು ಕೇಳಿದ ತಕ್ಷಣ ಅವರಿಗೆ ಗೊತ್ತಾಗುತ್ತೆ. ಅಕ್ಕ ಹಿಟ್ಟು ಕಲಸುತ್ತಲೇ ಕೇಳಿಸಿಕೊಂಡರು. ಅಜ್ಜಿಯ ಬುಟ್ಟಿ ಬಂದಾಗ ನಕ್ಕರು. ಕೊನೆ ಸಾಲಿಗೆ ಕೈ ನಿಲ್ಲಿಸಿದರು.

"ಎಂಟೂವರೆ ಅಂತ ಹಾಕಬ್ಯಾಡ. ಶನಿವಾರ ಏಳಕ್ಕೇ ಖಾಲಿ ಆಗ್ತದೆ. ಬಂದವ್ರು ಬೈಕೊಂಡು ಹೋಗ್ತಾರೆ."

ಹುಡುಗ "ಶನಿವಾರ ಏಳರೊಳಗೆ ಬನ್ನಿ" ಅಂತ ತಿದ್ದಿದ.