ಜಾತಕದ ಲೆಕ್ಕದ ಹಾಳೆ: ಪತ್ರಿಕೆಯಲ್ಲಿ ಸಿಂಹ, ಕುಂಡಲಿಯಲ್ಲಿ ವೃಷಭ ಲಗ್ನ

ಸಿದ್ಧ ತಂತ್ರಾಂಶದ ಹಂಗಿಲ್ಲದೆ ಸ್ಪ್ರೆಡ್‌ಶೀಟ್‌ನಲ್ಲೇ ಜನ್ಮಕುಂಡಲಿ ಹಾಕುವ ಕೆಲಸ ಈಗ ಲಗ್ನದವರೆಗೆ ಬಂದಿದೆ. ಪರೀಕ್ಷೆಗೆ ಇಟ್ಟುಕೊಂಡಿರುವುದು 1947ರ ಆಗಸ್ಟ್ 15, ಮಧ್ಯರಾತ್ರಿ 12 ಗಂಟೆ, ದೆಹಲಿ. ಸ್ವತಂತ್ರ ಭಾರತದ ಕುಂಡಲಿ ಎಂದು ಜ್ಯೋತಿಷಿಗಳು ಹಿಡಿಯುವುದು ಈ ಗಳಿಗೆಯನ್ನೇ. ಬಂದ ಉತ್ತರವನ್ನು ಯಾರು ಬೇಕಾದರೂ ತಾಳೆ ನೋಡಬಹುದು ಎಂಬುದೇ ಇದನ್ನು ಆರಿಸಲು ಕಾರಣ.

ಮೊದಲು ಪತ್ರಿಕೆಯ ಅಂಕಣದ ಲೆಕ್ಕ. ಜುಲೈ 23ರಿಂದ ಆಗಸ್ಟ್ 22 ಎಂದು ತಾರೀಖು ಹಾಕಿರುವ ಅಂಕಣದಲ್ಲಿ ಆಗಸ್ಟ್ 15 ಅಂದರೆ ಸಿಂಹ, ಅಲ್ಲಿಗೆ ಮುಗಿಯಿತು. ಗಂಟೆ ಬೇಡ, ಊರು ಬೇಡ. ಸೂರ್ಯ ಒಂದು ರಾಶಿಯಲ್ಲಿ ಸುಮಾರು ಒಂದು ತಿಂಗಳು ಇರುವುದರಿಂದ ತಾರೀಖೊಂದೇ ಸಾಕಾಗುತ್ತದೆ. ಅಚ್ಚಿನ ಅಂಕಣಕ್ಕೆ ಸೂರ್ಯನೇ ಬೇಕಾಗಿರುವುದು ಇದಕ್ಕೇ. ಚಂದ್ರ ಎರಡೂಕಾಲು ದಿನಕ್ಕೆ ರಾಶಿ ಬದಲಿಸುತ್ತಾನೆ, ಲಗ್ನ ಸುಮಾರು ಎರಡು ಗಂಟೆಗೆ. ಆ ಎರಡನ್ನೂ ತಾರೀಖಿನಿಂದ ಹೇಳಲಾಗದು.

ಕನ್ನಡ ಪತ್ರಿಕೆಗಳ ಓದುಗರಿಗೆ ಒಂದು ಮಾತು. ಎಲ್ಲ ದಿನಭವಿಷ್ಯವೂ ಸೂರ್ಯರಾಶಿಯದ್ದಲ್ಲ. ರಾಶಿಯ ಹೆಸರಿನ ಪಕ್ಕ ತಾರೀಖು ಇದ್ದರೆ ಅದು ಸೂರ್ಯರಾಶಿ; ಅಶ್ವಿನಿ, ಭರಣಿ ಎಂದು ನಕ್ಷತ್ರಗಳೋ, ಹೆಸರಿನ ಮೊದಲಕ್ಷರಗಳೋ ಇದ್ದರೆ ಅದು ಚಂದ್ರನ ರಾಶಿ, ಅಂದರೆ ನಮ್ಮ ಜನ್ಮರಾಶಿ. ಎರಡಕ್ಕೂ ಮೇಷ, ವೃಷಭ ಎಂಬ ಅವೇ ಹೆಸರುಗಳಿರುವುದರಿಂದ ಜನ ಅದಲುಬದಲು ಮಾಡಿಕೊಂಡು ಓದುತ್ತಾರೆ.

ಈಗ ನಮ್ಮ ಹಾಳೆ. ಡಿಗ್ರಿಯ ಅರವತ್ತನೇ ಒಂದು ಭಾಗ ಕಲೆ, ಕಲೆಯ ಅರವತ್ತನೇ ಒಂದು ಭಾಗ ವಿಕಲೆ. ಆ ಗಳಿಗೆಗೆ ಸೂರ್ಯನ ಸಾಯನ ಸ್ಫುಟ, ಅಂದರೆ ನಿಖರ ಸ್ಥಾನ, ಸಿಂಹದಲ್ಲಿ 21°6′. ಪತ್ರಿಕೆ ನಿಲ್ಲುವುದು ಇಲ್ಲೇ. ಸಾಯನ ಪದ್ಧತಿಯಲ್ಲಿ ಮೇಷದ ಆರಂಭವೆಂದರೆ ವಸಂತ ವಿಷುವದ ಬಿಂದು. ಜಾತಕ ಅಳೆಯುವುದು ನಕ್ಷತ್ರಗಳನ್ನು ಹಿಡಿದು, ಅದು ನಿರಯನ ಪದ್ಧತಿ. ಎರಡರ ನಡುವಿನ ಅಂತರವೇ ಅಯನಾಂಶ. ಲಾಹಿರಿ ಲೆಕ್ಕದಲ್ಲಿ 1947ರಲ್ಲಿ ಅದು ಸುಮಾರು 23°7′, ವರ್ಷಕ್ಕೆ ಸುಮಾರು 50 ವಿಕಲೆಯಂತೆ ಬೆಳೆಯುತ್ತಾ ಈಗ 24° ದಾಟಿದೆ. ಅದನ್ನು ಕಳೆದರೆ ಸೂರ್ಯ ಕರ್ಕಾಟಕದ 27°59′ಕ್ಕೆ ಬರುತ್ತಾನೆ. ಸಿಂಹ ಹೋಯಿತು.

ಅಯನಾಂಶ ಕಳೆದರೆ ಪ್ರತಿ ಗ್ರಹವೂ ಒಂದು ರಾಶಿ ಹಿಂದಕ್ಕೆ ಹೋಗುತ್ತದೆ ಎಂಬ ಮಾತು ಮಾತ್ರ ತಪ್ಪು. ಇದೇ ಕುಂಡಲಿಯಲ್ಲಿ ಚಂದ್ರ ಸಾಯನದಲ್ಲಿ ಕರ್ಕಾಟಕ 27°6′, ನಿರಯನದಲ್ಲಿ ಕರ್ಕಾಟಕ 3°59′. ರಾಶಿ ಅದೇ ಉಳಿಯಿತು. ಸಾಯನದಲ್ಲಿ ರಾಶಿಯ ಕೊನೆಯ ಆರೇಳು ಡಿಗ್ರಿಯಲ್ಲಿದ್ದ ಗ್ರಹ ಹೀಗೆ ಉಳಿದುಕೊಳ್ಳುತ್ತದೆ.

ಲಗ್ನದ ಲೆಕ್ಕ

ಪತ್ರಿಕೆಯಲ್ಲಿ ಇಲ್ಲವೇ ಇಲ್ಲದ ಭಾಗ ಇದು. ಹೆಚ್ಚು ತಪ್ಪಾಗುವುದೂ ಇಲ್ಲೇ. ಜನನದ ಗಳಿಗೆಯಲ್ಲಿ ಪೂರ್ವ ದಿಗಂತದಲ್ಲಿ ಏಳುತ್ತಿರುವ ರಾಶಿಯ ಬಿಂದುವೇ ಲಗ್ನ. ಅದಕ್ಕೆ ಊರಿನ ಅಕ್ಷಾಂಶ, ರೇಖಾಂಶ ಎರಡೂ ಬೇಕು.

ಭಾರತೀಯ ಸಮಯ ನಿಂತಿರುವುದು 82°30′ ರೇಖೆಯ ಮೇಲೆ. ದೆಹಲಿ 77°13′. ವ್ಯತ್ಯಾಸ 5°17′, ಡಿಗ್ರಿಗೆ 4 ನಿಮಿಷದಂತೆ 21 ನಿಮಿಷ 8 ಸೆಕೆಂಡು. ಹಾಗಾಗಿ ಸ್ಥಳೀಯ ಕಾಲ 14ನೇ ತಾರೀಖಿನ ರಾತ್ರಿ 11 ಗಂಟೆ 38 ನಿಮಿಷ 52 ಸೆಕೆಂಡು. ಇದಕ್ಕೆ ಹೊಂದುವ ನಾಕ್ಷತ್ರಿಕ ಕಾಲ, ಅಂದರೆ ನಕ್ಷತ್ರಗಳ ಸುತ್ತನ್ನು ಹಿಡಿದು ಅಳೆದ ಸಮಯ, 21 ಗಂಟೆ 8 ನಿಮಿಷ 13 ಸೆಕೆಂಡು. 15ರಿಂದ ಗುಣಿಸಿದರೆ ಸುಮಾರು 317.05°. ಅದನ್ನು B1ರಲ್ಲಿ, ಅಕ್ಷಾಂಶ 28.65 ಅನ್ನು B2ರಲ್ಲಿ, ಕ್ರಾಂತಿವೃತ್ತದ ಓರೆ 23.45 ಅನ್ನು B3ರಲ್ಲಿ ಇಟ್ಟು:

```
=MOD(DEGREES(ATAN2(
 -(SIN(RADIANS(B1))*COS(RADIANS(B3))
 +TAN(RADIANS(B2))*SIN(RADIANS(B3))),
 COS(RADIANS(B1)))),360)
```

ಉತ್ತರ ಸುಮಾರು 60.9°, ಅಂದರೆ ಸಾಯನ ಮಿಥುನದ ಮೊದಲ ಡಿಗ್ರಿ. ಅಯನಾಂಶ ಕಳೆದರೆ ವೃಷಭ 7°45′. ಅಚ್ಚಾಗಿರುವ ಕುಂಡಲಿಗಳಲ್ಲಿ ಇರುವುದೂ ವೃಷಭ ಲಗ್ನವೇ. ಕಲೆಗಳಲ್ಲಿ ಒಂದೆರಡು ಹೆಚ್ಚುಕಡಿಮೆ ಬಂದರೆ ದೆಹಲಿಯ ರೇಖಾಂಶವನ್ನು ಎಲ್ಲಿಂದ ತೆಗೆದುಕೊಂಡರು ಎಂಬುದಷ್ಟೇ ಕಾರಣ.

ಸ್ಪ್ರೆಡ್‌ಶೀಟ್‌ನ ATAN2 ಮೊದಲು x, ಆಮೇಲೆ y ಕೇಳುತ್ತದೆ. ಬಹುತೇಕ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಇದು ತಿರುಗುಮುರುಗು. ಅಲ್ಲಿಂದ ನಕಲು ಮಾಡಿದ ಸೂತ್ರ ಇಲ್ಲಿ ಮೇಷ 6° ಎಂದು ತೋರಿಸುತ್ತದೆ, ಯಾವ ದೋಷವನ್ನೂ ಹೇಳದೆ. ಕಂಡುಹಿಡಿಯುವ ದಾರಿ ಸುಲಭ: ಅದೇ ಊರಿನ ಸೂರ್ಯೋದಯದ ಸಮಯ ಹಾಕಿ ನೋಡಿ. ಉದಯದಲ್ಲಿ ಲಗ್ನವೂ ಸೂರ್ಯನೂ ಒಂದೇ ಕಡೆ ಇರಲೇಬೇಕು, ಹೆಚ್ಚೆಂದರೆ ಡಿಗ್ರಿಯಷ್ಟು ವ್ಯತ್ಯಾಸ.

ಇನ್ನೊಂದು ತಪ್ಪು ಇದಕ್ಕಿಂತ ಕಪಟಿ. ಆ 21 ನಿಮಿಷವನ್ನು ಕಳೆಯಲು ಮರೆತರೆ ಲಗ್ನ ವೃಷಭ 13½°ಗೆ ಹೋಗುತ್ತದೆ. ರಾಶಿ ಬದಲಾಗದ್ದರಿಂದ ಕುಂಡಲಿಯ ಚೌಕ ಸರಿಯಾಗೇ ಕಾಣುತ್ತದೆ. ಆದರೆ ನವಾಂಶ, ಅಂದರೆ ರಾಶಿಯ ಒಂಬತ್ತನೇ ಒಂದು ಭಾಗ, 3°20′ಕ್ಕೊಮ್ಮೆ ಬದಲಾಗುತ್ತದೆ: ಮೀನ ಇರಬೇಕಾದ ನವಾಂಶ ಲಗ್ನ ವೃಷಭವಾಗಿ ಕೂತಿರುತ್ತದೆ. ರಾಶಿ ಕುಂಡಲಿ ತಾಳೆಯಾಗಿ ನವಾಂಶ ತಾಳೆಯಾಗದಿದ್ದರೆ ಮೊದಲು ನೋಡಬೇಕಾದ್ದು ರೇಖಾಂಶದ ಈ ಸಾಲನ್ನು. ಜನನ ಸಮಯವೇ ಅಂದಾಜಿನದಾದರೆ ಯಾವ ಸೂತ್ರವೂ ಕಾಪಾಡದು: ಈ ಕುಂಡಲಿಯಲ್ಲಿ 28 ನಿಮಿಷ ಹಿಂದಕ್ಕೆ ಸರಿದರೆ ಲಗ್ನವೇ ಮೇಷ.

ಲಗ್ನ ಸಿಕ್ಕ ಮೇಲೆ ಭಾವ, ಅಂದರೆ ಮನೆಗಳನ್ನು ಎಣಿಸುವುದು. ಈ ಕುಂಡಲಿಯಲ್ಲಿ ರವಿ, ಚಂದ್ರ, ಬುಧ, ಶುಕ್ರ, ಶನಿ ಐವರೂ ಕರ್ಕಾಟಕದಲ್ಲಿದ್ದಾರೆ. ವೃಷಭದಿಂದ ಎಣಿಸಿದರೆ ಅದು ಮೂರನೆಯ ಮನೆ. ಪತ್ರಿಕೆಯ ಅಂಕಣ ಸಿಂಹವನ್ನೇ ಒಂದನೆಯ ಮನೆ ಮಾಡಿಕೊಂಡು ಇಂದಿನ ಗ್ರಹಗಳನ್ನು ಅಲ್ಲಿಂದ ಎಣಿಸುತ್ತದೆ. ಹಾಗಾಗಿ ‘ಗುರು ಹತ್ತರಲ್ಲಿ’ ಎಂಬ ಒಂದೇ ಮಾತು ಎರಡು ಕಡೆ ಬೇರೆ ಬೇರೆ ರಾಶಿಯನ್ನು ತೋರಿಸುತ್ತಿರಬಹುದು. ಫಲ ನಿಜವೋ ಸುಳ್ಳೋ ಎಂಬುದು ಬೇರೆ ಚರ್ಚೆ. ಈ ಹಾಳೆ ಅದಕ್ಕೆ ಕೈ ಹಾಕುವುದಿಲ್ಲ.

ದಶೆ

ದಶೆಯೂ ಸೂರ್ಯರಾಶಿಗೆ ಸಂಬಂಧವೇ ಇಲ್ಲದ ಲೆಕ್ಕ. ಚಂದ್ರ 3°59′ರಲ್ಲಿದ್ದಾನೆ, ಪುಷ್ಯ ನಕ್ಷತ್ರ ಶುರುವಾಗುವುದು 3°20′ಕ್ಕೆ. ಒಂದು ನಕ್ಷತ್ರಕ್ಕೆ 800 ಕಲೆ, ಅದರಲ್ಲಿ ಕಳೆದದ್ದು 39. ಪುಷ್ಯಕ್ಕೆ ಶನಿ ದಶೆ, 19 ವರ್ಷ. 39ನ್ನು 800ರಿಂದ ಭಾಗಿಸಿ 19ರಿಂದ ಗುಣಿಸಿದರೆ ಸುಮಾರು 11 ತಿಂಗಳು ಕಳೆದಿದೆ, ಶೇಷ 18 ವರ್ಷಕ್ಕೆ ತುಸು ಮೇಲೆ. ಬೇರೊಂದು ತಂತ್ರಾಂಶ 16 ವರ್ಷ ಎಂದರೆ ಗಾಬರಿ ಬೇಡ. ಅದು ರಾಮನ್ ಅಯನಾಂಶ ಹಿಡಿದಿರಬಹುದು: ಲಾಹಿರಿಗಿಂತ ಸುಮಾರು 1°27′ ಕಡಿಮೆ, ಅಷ್ಟಕ್ಕೇ ದಶೆ ಎರಡು ವರ್ಷ ಸರಿಯುತ್ತದೆ. ಆದ್ದರಿಂದ ಯಾವ ಅಯನಾಂಶ ಎಂಬುದನ್ನು ಹಾಳೆಯ ತಲೆಯಲ್ಲೇ ಬರೆಯುತ್ತಿದ್ದೇವೆ.

ಬಾಕಿ ಇರುವುದು ಸಮಯದ ತಿದ್ದುಪಡಿಯ ಕೋಷ್ಟಕ. ಎರಡನೆಯ ಮಹಾಯುದ್ಧದಲ್ಲಿ, 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್ ನಡುವರೆಗೆ, ಭಾರತದ ಗಡಿಯಾರ ಒಂದು ಗಂಟೆ ಮುಂದಿತ್ತು. ಆ ಕಾಲದ ಜನನಗಳನ್ನು ಗ್ರೀನಿಚ್ ಸಮಯಕ್ಕೆ ತರಲು 5:30ರ ಬದಲು 6:30 ಕಳೆಯಬೇಕು, ಇಲ್ಲವಾದರೆ ಲಗ್ನ ಅರ್ಧ ರಾಶಿ ಆಚೀಚೆ ಆಗುತ್ತದೆ. ಹಾಳೆ ಸದ್ಯಕ್ಕೆ ಈ ತಾರೀಖುಗಳನ್ನು ಕಂಡರೆ ಕೆಂಪು ಬಣ್ಣ ತೋರಿಸುತ್ತದೆ, ತಾನಾಗಿ ತಿದ್ದುವುದಿಲ್ಲ. ಬರೆದಿಟ್ಟ ಸಮಯ ಗಡಿಯಾರದ್ದೋ, ಆಗಲೇ ಗಂಟೆ ಕಳೆದದ್ದೋ ಎಂಬುದನ್ನು ಜಾತಕ ತಂದವರನ್ನೇ ಕೇಳಬೇಕು.