ಸೈರನ್ ಇಲ್ಲದ ಬೀದಿ

ನಿನ್ನೆ ದೊಡ್ಡಪ್ಪನನ್ನು ರೈಲು ನಿಲ್ದಾಣದಿಂದ ಕರೆದುಕೊಂಡು ಬಂದೆ. 79 ವರ್ಷ. ದಾವಣಗೆರೆ ಜಿಲ್ಲೆಯಾಗಿದ್ದು 1997ರಲ್ಲಿ. ಅವರ ಬಾಯಲ್ಲಿ ಇದಿನ್ನೂ ಚಿತ್ರದುರ್ಗ ಜಿಲ್ಲೆಯೇ.

ಹುಟ್ಟಿದ ಮನೆಯ ಬೀದಿ ತೋರಿಸುತ್ತೇನೆಂದು ಹೊರಟವರು ಎರಡು ಸಲ ದಾರಿ ತಪ್ಪಿದರು. "ಹತ್ತಿ ಮಿಲ್ಲಿನ ಸೈರನ್ ಕೇಳಿ ತಿರುಗುತ್ತಿದ್ದೆವಪ್ಪ, ಈಗ ಯಾವುದನ್ನು ಕೇಳಲಿ?" ಎಂದರು. ಮೊಬೈಲಿನ ನಕ್ಷೆ ತೆರೆದೆ. ಅವರು ಅದರತ್ತ ನೋಡಲೂ ಇಲ್ಲ. (ನಕ್ಷೆ ನಮ್ಮನ್ನು ಒಂದು ಬಟ್ಟೆ ಅಂಗಡಿಯ ಗೋದಾಮಿಗೆ ಕಳಿಸಿತ್ತು ಎನ್ನಿ.)

ಕೊನೆಗೆ ದಾರಿ ಹೇಳಿದ್ದು ಹೊಗೆಯ ವಾಸನೆ. ಮಂಡಕ್ಕಿ ಭಟ್ಟಿ! ಒಳಗೆ ಕಾದ ಮರಳಿಗೆ ಹದ ಮಾಡಿದ ಅಕ್ಕಿ ಸುರಿದ ಕ್ಷಣಕ್ಕೆ ಚಟಪಟ ಅರಳುತ್ತಿತ್ತು. ಅರಳಿದ ಕೂಡಲೇ ಜರಡಿಗೆ, ಮರಳು ಕೆಳಗೆ, ಮಂಡಕ್ಕಿ ಮೇಲೆ. ದೊಡ್ಡಪ್ಪ ಬೆಚ್ಚಗಿನ ಒಂದು ಹಿಡಿ ಬಾಯಿಗೆ ಹಾಕಿಕೊಂಡರು. ಕಟಕ್ಕೆಂದಿತು. ಉಳಿದಿರುವ ನಾಲ್ಕು ಹಲ್ಲುಗಳ ನಡುವೆ ಮರಳಿನ ಕಾಳು.

"ಇವರು ಆಗಲೂ ಸರಿಯಾಗಿ ಜರಡಿ ಹಿಡಿಯುತ್ತಿರಲಿಲ್ಲ" ಎಂದು ಬೈದರು. ಆಮೇಲೆ ಎರಡು ಸೇರು ಕಟ್ಟಿಸಿಕೊಂಡರು.

ಮನೆಯಿದ್ದ ಜಾಗದಲ್ಲಿ ಈಗ ಮೂರು ಅಂತಸ್ತಿನ ಕಟ್ಟಡವಿದೆ. ಅಲ್ಲಿ ಅವರು ಹೆಚ್ಚು ಹೊತ್ತು ನಿಲ್ಲಲಿಲ್ಲ.